ಓಟಗಾರ್ತಿಗೆ ಬರೆದ ಆಮಂತ್ರಣ

ಭದ್ರಾವತಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದ ದಿನಗಳವು, ತೊಂಬತ್ತರ ದಶಕದ ಕೊನೆ. ಮನೆ ಶಿವಮೊಗ್ಗದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವುದು. ಶಾಲೆಯಿಂದ ಹೊರಗೆ ಹೋಗುವ ಕಾಗದ ಯಾವುದೇ ಇರಲಿ, ಹೆಡ್‌ಮಾಸ್ಟರು ಅದನ್ನು ನನ್ನಿಂದಲೇ ಬರೆಸುತ್ತಿದ್ದರು. ಅವರು ಗಣಿತದವರು. ನಾಲ್ಕು ಸಾಲು ಕನ್ನಡ ಬರೆಯಬೇಕೆಂದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಯಾರನ್ನೂ ಗದರಿದವರಲ್ಲ. ಯಾರಿಗೂ ಇಲ್ಲ ಎಂದವರೂ ಅಲ್ಲ.

ಆ ವರ್ಷದ ಕ್ರೀಡಾಕೂಟಕ್ಕೆ ಮುಖ್ಯ ಅತಿಥಿಯಾಗಿ ಯಾರನ್ನು ಕರೆಯುವುದೆಂದು ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ ನಮ್ಮ ಪಿ.ಟಿ. ಮೇಷ್ಟ್ರು ಒಂದು ಹೆಸರು ಹೇಳಿದರು. ಅವರು ಊರಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಬೆಳೆದ ಹುಡುಗ. ಮನೆಯಲ್ಲಿ ತಮಿಳು, ಮೈದಾನದಲ್ಲಿ ಕನ್ನಡ. ಅವರು ಹೇಳಿದ ಹೆಂಗಸು ನಮ್ಮ ಶಾಲೆಯಲ್ಲೇ ಓದಿದವಳು. ಅಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದವರು. ಆಕೆ ಬರಿಗಾಲಿನಲ್ಲಿ ಎಂಟುನೂರು ಮೀಟರ್ ಓಡುತ್ತಾ ಓಡುತ್ತಾ ರಾಜ್ಯ ತಂಡದವರೆಗೆ ಹೋಗಿದ್ದಳು. ಆಮೇಲೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿ ಈಗ ಶಿವಮೊಗ್ಗದ ಒಂದು ಜಿಲ್ಲಾ ಕಚೇರಿಯಲ್ಲಿ ಗುಮಾಸ್ತೆ.

ಹಿಂದಿನ ವರ್ಷ ಬಂದಿದ್ದ ಗಣ್ಯರು ಮಧ್ಯಾಹ್ನದ ಹೊತ್ತಿಗೆ ಬಂದು ಮಕ್ಕಳನ್ನು ಬಿಸಿಲಿನಲ್ಲಿ ಒಣಗಿಸಿ ಹೋಗಿದ್ದರಿಂದ ಎಲ್ಲರಿಗೂ ಈ ಮಾತು ಹಿಡಿಸಿತು. ಆಡಳಿತ ಮಂಡಳಿಯ ಕಾರ್ಯದರ್ಶಿಯೂ ಒಪ್ಪಿದರು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, "ಪತ್ರ ನೀವೇ ಬರೀರಿ ಮೇಡಂ, ನೀವೇ ಕೊಟ್ಟೂ ಬನ್ನಿ. ನಿಮ್ಮೂರೇ ಅಲ್ವಾ" ಎಂದರು.

ಆ ಪತ್ರವನ್ನು ನಾನು ಖುಷಿಯಿಂದ ಬರೆದೆ. ಶಾಲೆಯ ಹೆಸರಿದ್ದ ಕಾಗದ, ಎಡಕ್ಕೆ ಪತ್ರದ ಸಂಖ್ಯೆ, ಬಲಕ್ಕೆ ದಿನಾಂಕ. 'ವಿಷಯ: ನಮ್ಮ ಶಾಲೆಯ ವಾರ್ಷಿಕ ಕ್ರೀಡಾಕೂಟಕ್ಕೆ ಮುಖ್ಯ ಅತಿಥಿಗಳಾಗಿ ಆಗಮಿಸುವಂತೆ ಕೋರಿ.' ಇಷ್ಟರವರೆಗೆ ಎಲ್ಲ ಪತ್ರಗಳೂ ಒಂದೇ. ಮುಂದಿನದನ್ನು ಮೂರು ಸಲ ತಿದ್ದಿದೆ. 'ಇದೇ ಶಾಲೆಯ ಅಂಗಳದಲ್ಲಿ ಓಟ ಆರಂಭಿಸಿ ನಾಡಿನ ಪರವಾಗಿ ಓಡಿದ ತಾವು ನಮ್ಮ ಮಕ್ಕಳ ನಡುವೆ ಒಂದು ದಿನ ಇರಬೇಕೆಂಬುದು ನಮ್ಮೆಲ್ಲರ ಆಸೆ. ತಾವು ಧ್ವಜಾರೋಹಣ ಮಾಡಿ, ಪಥಸಂಚಲನದ ಗೌರವ ವಂದನೆ ಸ್ವೀಕರಿಸಿ, ಕ್ರೀಡಾಕೂಟವನ್ನು ಉದ್ಘಾಟಿಸಿ, ಮಕ್ಕಳಿಗೆ ಎರಡು ಮಾತು ಹೇಳಿ, ಸಂಜೆ ಬಹುಮಾನಗಳನ್ನು ತಮ್ಮ ಕೈಯಿಂದ ವಿತರಿಸಬೇಕಾಗಿ ವಿನಂತಿ.' ಕರೆದುಕೊಂಡು ಬರಲು ಕಾರು ಕಳಿಸುತ್ತೇವೆಂದೂ, ಒಪ್ಪಿಗೆ ತಿಳಿಸಿದರೆ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುತ್ತೇವೆಂದೂ ಕೊನೆಯಲ್ಲಿ ಸೇರಿಸಿದೆ.

ಕಾರ್ಯಕ್ರಮದ ವಿವರ ಬೇರೆ ಹಾಳೆಯಲ್ಲಿ. ಅದನ್ನು ಪಿ.ಟಿ. ಮೇಷ್ಟ್ರು ಪಕ್ಕದಲ್ಲಿ ಕುಳಿತು ಹೇಳಿದರು. ಒಂಬತ್ತೂವರೆಗೆ ಅತಿಥಿಗಳ ಆಗಮನ, ಒಂಬತ್ತು ಮುಕ್ಕಾಲಿಗೆ ಧ್ವಜಾರೋಹಣ ಮತ್ತು ಪಥಸಂಚಲನ, ಹತ್ತಕ್ಕೆ ಕ್ರೀಡಾಜ್ಯೋತಿ, ಪ್ರತಿಜ್ಞೆ, ಉದ್ಘಾಟನೆ, ಅತಿಥಿಗಳ ಮಾತು. ಹತ್ತೂವರೆಯಿಂದ ಓಟದ ಫೈನಲ್‌ಗಳು, ಒಂದು ಗಂಟೆಗೆ ಊಟ, ಎರಡಕ್ಕೆ ರಿಲೇ ಮತ್ತು ಹಗ್ಗಜಗ್ಗಾಟ, ಮೂರೂವರೆಗೆ ಬಹುಮಾನ ವಿತರಣೆ, ವಂದನಾರ್ಪಣೆ, ರಾಷ್ಟ್ರಗೀತೆ. ಎಸೆತ, ಜಿಗಿತ ಮತ್ತು ಓಟದ ಹೀಟ್ಸ್‌ಗಳನ್ನು ಹಿಂದಿನ ದಿನಗಳಲ್ಲೇ ಮುಗಿಸುವುದು. ಕಾರ್ಖಾನೆಯ ಮೈದಾನ ನಮಗೆ ಸಿಕ್ಕಿದ್ದು ಡಿಸೆಂಬರಿನ ಒಂದು ಶುಕ್ರವಾರ. ಒಂದೇ ದಿನ.

ಭಾನುವಾರ ಶಿವಮೊಗ್ಗದ ಆಲ್ಕೊಳದಲ್ಲಿದ್ದ ಆಕೆಯ ಬಾಡಿಗೆ ಮನೆಗೆ ಹೋದೆ. ಮೂವತ್ತೈದರ ಆಸುಪಾಸಿನ, ಎತ್ತರದ, ಸಣ್ಣ ದನಿಯ ಹೆಂಗಸು. ಮಗಳಿಗೆ ತಲೆ ಬಾಚುತ್ತಾ ಬಾಗಿಲು ತೆಗೆದರು. ಯಾವ ಶಾಲೆಯೆಂದು ಹೇಳಿದ ಮೇಲೆ ಬಾಚಣಿಗೆ ಕೈಯಲ್ಲೇ ಹಿಡಿದುಕೊಂಡು ಕುಳಿತರು. ಪತ್ರ ಓದಿದರು. ಕೆಲಸಕ್ಕೆ ಸೇರಿದ ಮೇಲೆ ಇಂಥದ್ದಕ್ಕೆ ಯಾರೂ ಕರೆದಿರಲಿಲ್ಲವೆಂದರು. ಆಮೇಲೆ ಕಾರ್ಯಕ್ರಮದ ಹಾಳೆಯನ್ನು ಬೆರಳಿಟ್ಟು ಓದುತ್ತಾ ಹೋಗಿ ಒಂದು ಕಡೆ ನಿಂತರು. ಹುಡುಗಿಯರ ಎಂಟುನೂರು ಮೀಟರ್ ಇದರಲ್ಲಿ ಕಾಣಲಿಲ್ಲವಲ್ಲ ಎಂದು ಕೇಳಿದರು. ಅದಕ್ಕೆ ಹೊತ್ತು ಬೇಕಾಗುತ್ತದೆಂದು ಪಿ.ಟಿ. ಮೇಷ್ಟ್ರು ಬೆಳಿಗ್ಗೆ ಎಂಟೂವರೆಗೆ, ಉದ್ಘಾಟನೆಗೂ ಮೊದಲೇ ಮುಗಿಸುವ ಯೋಚನೆಯಲ್ಲಿದ್ದರು. ನಾನು ಹಾಗೇ ಹೇಳಿದೆ.

"ಅದೊಂದನ್ನ ನಾನಿರೋವಾಗ ಇಟ್ಕೊಳ್ಳೋಕೆ ಆಗುತ್ತಾ ಮೇಡಂ? ಬೇರೇನೂ ಬೇಡ ನಂಗೆ" ಎಂದರು.

ಹನ್ನೊಂದೂಕಾಲಿಗೆ ಹಾಕಿಸುತ್ತೇನೆಂದು ಮಾತು ಕೊಟ್ಟೆ. ಭಾಷಣ ಮಾಡಲು ಬರುವುದಿಲ್ಲವೆಂದಾಗ ಬರೆದುಕೊಡುತ್ತೇನೆ ಎಂದೆ. ಅದೂ ಬೇಡವೆಂದರು. ಓಟ ಮುಗಿದ ಮೇಲೆ ಓಡಿದ ಹುಡುಗಿಯರ ಜೊತೆ ಮೈಕಿಲ್ಲದೆ ಐದು ನಿಮಿಷ ಮಾತಾಡಿದರೆ ಸಾಕಂತೆ.

ನಾನು ಏಳುವಾಗ ಮಾತ್ರ ಅವರು ಒಂದು ತೊಡಕು ಹೇಳಿದರು. ಶುಕ್ರವಾರ ಕಚೇರಿ ಇರುತ್ತದೆ. ರಜೆ ಹಾಕಿ ಬರಬಹುದು, ಆದರೆ ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾದ ಮೇಲೆ ಸರ್ಕಾರಿ ನೌಕರಳು ಮೇಲಿನವರಿಗೆ ಹೇಳದೆ ವೇದಿಕೆ ಹತ್ತಿದಳೆಂದು ಯಾರಾದರೂ ಅನ್ನಬಹುದು. ಅದಕ್ಕೆ ಇನ್ನೊಂದು ಪತ್ರ ಅವರ ಸಾಹೇಬರ ಹೆಸರಿಗೆ ಬರಲಿ, ಅನುಮತಿ ಕೊಡಬೇಕೆಂದು ಕೋರಿ. ಇದು ಸರಿಯಾದ ದಾರಿಯೇ. ನಾನೂ ಒಪ್ಪಿದೆ.

ಮರುದಿನ ಎರಡನೆಯ ಪತ್ರ ಬರೆದೆ. 'ತಮ್ಮ ಕಚೇರಿಯಲ್ಲಿ ಸೇವೆ ಸಲ್ಲಿಸುತ್ತಿರುವ ಶ್ರೀಮತಿ ... ಇವರನ್ನು ಮುಖ್ಯ ಅತಿಥಿಯಾಗಿ ಆಹ್ವಾನಿಸಲಾಗಿದ್ದು, ಸದರಿ ದಿನ ಭಾಗವಹಿಸಲು ಅನುಮತಿ ನೀಡಬೇಕಾಗಿ' ಎಂದು. ಮೊದಲ ಪತ್ರದ ಪ್ರತಿಯನ್ನೂ ಸಮಯದ ಹಾಳೆಯನ್ನೂ ಲಗತ್ತಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ. ಶಾಲೆಯಲ್ಲಿ ಆಗಲೇ ಸುದ್ದಿ ಹರಡಿತ್ತು. ಒಂಬತ್ತನೇ ತರಗತಿಯ ಹುಡುಗಿಯರು, ಅದರಲ್ಲೂ ಎಂಟುನೂರಕ್ಕೆ ಹೆಸರು ಕೊಟ್ಟಿದ್ದವರು, ಸಂಜೆ ಬೆಲ್ಲಾದ ಮೇಲೂ ಸುತ್ತು ಹೊಡೆಯತೊಡಗಿದರು.

ಆ ವಾರ ಮುಗಿಯುವ ಮೊದಲೇ ಹೆಡ್‌ಮಾಸ್ಟರಿಗೆ ಫೋನು ಬಂತು. ನಾನು ಏಳನೇ ಪೀರಿಯಡ್ ಪಾಠದಲ್ಲಿದ್ದೆ. ಜವಾನ ಬಂದು ಕರೆದ. ಹೋದರೆ ಹೆಡ್‌ಮಾಸ್ಟರ ಕನ್ನಡಕ ಮೇಜಿನ ಮೇಲಿತ್ತು.

"ಆ ಸಾಹೇಬ್ರೇ ಬರ್ತಾರಂತೆ ಮೇಡಂ, ಚೀಫ್ ಗೆಸ್ಟಾಗಿ."

ಸಾಹೇಬರು ಪತ್ರ ನೋಡಿದರಂತೆ. ಬಹಳ ಚೆನ್ನಾಗಿ ಬರೆದಿದ್ದೀರಿ ಎಂದರಂತೆ. ಕಚೇರಿಯ ಮುಖ್ಯಸ್ಥರು ಇರುವಾಗ ಒಬ್ಬ ಗುಮಾಸ್ತೆಯನ್ನು ಕರೆದರೆ ನಿಮ್ಮ ಸಂಸ್ಥೆಗೇ ಶೋಭೆಯಲ್ಲ, ಶುಕ್ರವಾರ ಹೇಗೂ ಭದ್ರಾವತಿ ಕಡೆ ಪ್ರವಾಸ ಇದೆ, ಬಂದುಬಿಡುತ್ತೇನೆ ಎಂದರಂತೆ.

"ನೀವೇನ್ ಹೇಳಿದ್ರಿ ಸಾರ್?" ಎಂದು ಕೇಳಿದೆ.

"ಏನ್ ಹೇಳ್ಲಿ? ಬರ್ಲಾ ಅಂತ ಕೇಳ್ಲಿಲ್ಲ ಅವ್ರು. ಬರ್ತೀನಿ ಅಂದ್ರು."

ನಮ್ಮ ಶಾಲೆಯ ಅನುದಾನದ ಕಡತಗಳೆಲ್ಲ ಆ ಕಚೇರಿಯನ್ನು ದಾಟಿಯೇ ಮುಂದೆ ಹೋಗಬೇಕಿತ್ತು. ಆಗ ಅಲ್ಲಿ ಒಂದು ನೇಮಕಾತಿಯ ಅನುಮೋದನೆ ಬಾಕಿ ಇತ್ತು. ಯಾರದೆಂದರೆ ನಮ್ಮ ಪಿ.ಟಿ. ಮೇಷ್ಟ್ರದೇ. ಮಂಡಳಿಯವರು ಕೈಗಿಡುತ್ತಿದ್ದ ಚಿಕ್ಕ ಸಂಬಳದಲ್ಲಿ ಅವರು ವರ್ಷಗಳಿಂದ ದುಡಿಯುತ್ತಿದ್ದರು. ಮದುವೆಯಾಗಿ ಮಗುವೂ ಆಗಿತ್ತು. ಹೆಡ್‌ಮಾಸ್ಟರು ಅವರನ್ನೂ ಕರೆಸಿ ವಿಷಯ ಹೇಳಿದರು. ಅವರು ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು. ಹೆಸರು ಸೂಚಿಸಿದವರೇ ಅವರು. ಏನಾದರೂ ಹೇಳಿಯಾರೆಂದು ಅವರ ಮುಖ ನೋಡಿದೆ. "ಟ್ರ್ಯಾಕ್‌ಗೆ ಸುಣ್ಣ ತರಿಸ್ಬೇಕು ಸಾರ್" ಎಂದಷ್ಟೇ ಹೇಳಿ ಹೊರಗೆ ಹೋದರು. ಅವರ ಜಾಗದಲ್ಲಿ ನಾನಿದ್ದರೂ ಬೇರೇನು ಹೇಳುತ್ತಿದ್ದೆನೋ ತಿಳಿಯದು.

ಆಕೆಯನ್ನು ವಿಶೇಷ ಅತಿಥಿ ಎಂದಾದರೂ ಪತ್ರಿಕೆಯಲ್ಲಿ ಹಾಕೋಣವೆಂದು ನಾನು ಪಟ್ಟು ಹಿಡಿದೆ. ಹೆಡ್‌ಮಾಸ್ಟರು ಪಾಪ ಮರುದಿನ ಫೋನ್ ಮಾಡಿ ಕೇಳಿಯೂ ನೋಡಿದರು. ಸಾಹೇಬರ ಆಪ್ತ ಸಹಾಯಕರು ಒಳಗೆ ಹೋಗಿ ಬಂದು, ಅಧಿಕಾರಿಯೂ ಸಿಬ್ಬಂದಿಯೂ ಒಂದೇ ವೇದಿಕೆಯಲ್ಲಿ ಸಮನಾಗಿ ಕೂರುವುದು ಚೆನ್ನಾಗಿರುವುದಿಲ್ಲ, ಬೇಕಾದರೆ ಸಹಾಯಕ್ಕೆಂದು ಜೊತೆಯಲ್ಲಿ ಕರೆತರುತ್ತಾರೆ ಎಂದು ತಿಳಿಸಿದರು. ಅಲ್ಲಿಗೆ ಮುಗಿಯಿತು. ಮೂರನೆಯ ಪತ್ರವನ್ನೂ ನಾನೇ ಬರೆದೆ. ಶಾಲೆಯ ಅಂಗಳದಲ್ಲಿ ಓಟ ಆರಂಭಿಸಿದ ಎಂಬ ಸಾಲನ್ನು ತೆಗೆದು, ಆ ಜಾಗದಲ್ಲಿ 'ಶಿಕ್ಷಣ ಮತ್ತು ಕ್ರೀಡೆಯ ಬಗ್ಗೆ ಅಪಾರ ಕಾಳಜಿಯುಳ್ಳ' ಎಂದು ಸೇರಿಸಬೇಕಾಯಿತು. ಉಳಿದದ್ದು ಹಾಗೇ ಇತ್ತು. ಒಂಬತ್ತೂವರೆಗೆ ಆಗಮನ, ಹನ್ನೊಂದೂಕಾಲಿಗೆ ಹುಡುಗಿಯರ ಎಂಟುನೂರು.

ಅದನ್ನು ಕೊಡಲು ಹೋದಾಗ ಆಕೆಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಹುಡುಕುತ್ತಿದ್ದೆ. ನನ್ನನ್ನು ಕಂಡು ಅವರೇ ಕುರ್ಚಿಯಿಂದ ಎದ್ದು ಬಂದರು. ಕಚೇರಿಯ ಹೊರಗೆ ಚಹಾ ಗಾಡಿಯ ಹತ್ತಿರ ನಿಂತೆವು.

"ನಂಗೆ ಗೊತ್ತಾಯ್ತು ಮೇಡಂ. ಸಾಹೇಬ್ರ ಟೂರ್ ಪ್ರೋಗ್ರಾಂ ಟೈಪ್ ಮಾಡೋದು ನಾನೇ" ಎಂದರು.

ನಾನು ಏನೇನೋ ಹೇಳಿದೆ. ಅವರು ಚಹಾ ತಣ್ಣಗಾಗುತ್ತಿದೆ ಕುಡಿಯಿರಿ ಎಂದರು. ಮನೆಯಲ್ಲಿ ಮಗಳಿಗೆ ಹೇಳಿಬಿಟ್ಟಿದ್ದರಂತೆ, ಶುಕ್ರವಾರ ಅಮ್ಮನಿಗೆ ಕಾರು ಬರುತ್ತದೆ ಎಂದು. ಅದೊಂದು ತಪ್ಪಾಯಿತು, ಅವಳಿಗೆ ಹೇಳಬಾರದಿತ್ತು ಎಂದು ನಕ್ಕರು. ಎಂಟುನೂರು ಮೀಟರ್ ಹನ್ನೊಂದೂಕಾಲಿಗೇ ಇದೆಯಾ ಎಂದು ಕೇಳಿದರು. ಇದೆ ಎಂದೆ. "ಹಂಗಾದ್ರೆ ನೋಡೋಕಾದ್ರೂ ಸಿಗುತ್ತೆ ಬಿಡಿ" ಎಂದರು.

ಶುಕ್ರವಾರ ಬೆಳಿಗ್ಗೆ ಮಕ್ಕಳು ಒಂಬತ್ತು ಗಂಟೆಗೇ ಬಿಳಿ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತರು. ಪಿ.ಟಿ. ಮೇಷ್ಟ್ರು ಎಳೆದ ಸುಣ್ಣದ ಗೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೈಕಿನ ಮುಂದೆ ನಾನು. ನಿರೂಪಣೆ ನನ್ನದೇ. ಒಂಬತ್ತೂವರೆ ಕಳೆಯಿತು, ಹತ್ತಾಯಿತು. ಇನ್ನೇನು ಬರುತ್ತಾರೆ ಎಂದು ಎರಡು ಸಲ ಮೈಕಿನಲ್ಲಿ ಹೇಳಿದೆ. ಆಮೇಲೆ ಹೇಳಲು ನಾಚಿಕೆಯಾಗಿ ಬಿಟ್ಟೆ. ಸಾಹೇಬರು ಉದ್ಘಾಟಿಸುವ ಮೊದಲೇ ಓಟ ಶುರು ಮಾಡಿದರೆ ಏನೆಂದುಕೊಳ್ಳುತ್ತಾರೋ, ಸಾಲು ಬಿಡಿಸಿದರೆ ಅವರ ಜೀಪು ಬಂದಾಗ ಮತ್ತೆ ನಿಲ್ಲಿಸುವುದು ಕಷ್ಟ ಎಂದು ಹೆಡ್‌ಮಾಸ್ಟರಿಗೆ ಭಯ. ಬ್ಯಾಂಡಿನ ಹುಡುಗಿಯೊಬ್ಬಳು ತಲೆತಿರುಗಿ ಕುಳಿತಳು. ಅವಳನ್ನು ನೆರಳಿಗೆ ಕರೆದೊಯ್ದು ನೀರು ಕೊಟ್ಟು ಬಂದೆವು. ಸಾಹೇಬರು ಬೇರೊಂದು ಕಡೆ ತಿಂಡಿಗೆ ಕುಳಿತಿದ್ದಾರೆಂದು ಕಾರ್ಯದರ್ಶಿಗೆ ಸುದ್ದಿ ಬಂತು.

ಜೀಪು ಬಂದಾಗ ಹನ್ನೊಂದೂವರೆ ದಾಟಿತ್ತು. ಮುಂದಿನಿಂದ ಸಾಹೇಬರು ಇಳಿದರು, ಹಿಂದಿನಿಂದ ಆಕೆ. ಅಚ್ಚುಕಟ್ಟಾದ ಹಸಿರು ಸೀರೆ, ಕೈಯಲ್ಲಿ ಸಾಹೇಬರ ಕಡತಗಳ ಚೀಲ. ಮೈದಾನವನ್ನು ಒಂದು ಸಲ ಕಣ್ಣಾಡಿಸಿ ನೋಡಿ ನಮ್ಮ ಶಿಕ್ಷಕಿಯರ ಸಾಲಿನ ಕೊನೆಯಲ್ಲಿ ಬಂದು ನಿಂತರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಧ್ವಜ ಏರಿತು, ಪಥಸಂಚಲನ ಆಯಿತು, ಜ್ಯೋತಿ ಬಂತು. ಸ್ವಾಗತದಲ್ಲಿ ನಾನು ಹೆಡ್‌ಮಾಸ್ಟರು ನೋಡಿರದ ಒಂದು ಸಾಲು ಸೇರಿಸಿದೆ: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ, ರಾಜ್ಯ ತಂಡದಲ್ಲಿ ಓಡಿದವರು, ಇಂದು ನಮ್ಮ ನಡುವೆ ಇದ್ದಾರೆ. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಆಕೆ ತಲೆ ತಗ್ಗಿಸಿದರು. ಸಾಹೇಬರು ತಮ್ಮ ಭಾಷಣದಲ್ಲಿ ಅದನ್ನೇ ಹಿಡಿದುಕೊಂಡು, ತಮ್ಮ ಕಚೇರಿಯಲ್ಲಿ ಕ್ರೀಡಾಪಟುಗಳಿಗೆ ಯಾವಾಗಲೂ ಪ್ರೋತ್ಸಾಹ ಉಂಟು, ಅದಕ್ಕೇ ಇವರನ್ನು ಜೊತೆಯಲ್ಲಿ ಕರೆತಂದಿದ್ದೇನೆ ಎಂದರು. ಅದಕ್ಕೂ ಚಪ್ಪಾಳೆ ಬಿತ್ತು. ಭಾಷಣ ಬಹಳ ಹೊತ್ತು ನಡೆಯಿತು.

ಅದು ಮುಗಿಯುತ್ತಲೇ ಸಾಹೇಬರು ಗಡಿಯಾರ ನೋಡಿಕೊಂಡು, ಒಂದೂವರೆಗೆ ಶಿವಮೊಗ್ಗದಲ್ಲಿ ಮೀಟಿಂಗ್ ಇದೆ, ಬಹುಮಾನ ಈಗಲೇ ಕೊಟ್ಟುಬಿಡೋಣ ಎಂದರು. ಓಟಗಳೇ ಆಗಿರಲಿಲ್ಲ. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು, ನಾನು ಪಿ.ಟಿ. ಮೇಷ್ಟ್ರ ಕಡೆ ನೋಡಿದೆ. ಅವರು ಹಿಂದಿನ ದಿನಗಳಲ್ಲಿ ಮುಗಿದಿದ್ದ ಗುಂಡು ಎಸೆತ, ಉದ್ದ ಜಿಗಿತ, ಎತ್ತರ ಜಿಗಿತಗಳಲ್ಲಿ ಗೆದ್ದವರ ಹೆಸರುಗಳನ್ನು ಆತುರಾತುರವಾಗಿ ಗೀಚಿ ನನ್ನ ಕೈಗಿಟ್ಟರು. ನಾನು ಒಂದೊಂದೇ ಹೆಸರು ಕರೆದೆ. ಬಹುಮಾನದ ಮೇಜಿನ ಬಳಿ ಕಪ್ಪು ಎತ್ತಿಕೊಡಲು ಒಬ್ಬರು ಬೇಕಾಗಿತ್ತು. ಸಾಹೇಬರು ಕೈಬೀಸಿ ಆಕೆಯನ್ನೇ ಕರೆದರು. ಆಕೆ ಚೀಲವನ್ನು ಕೆಳಗಿಟ್ಟು ಬಂದು ಒಂದೊಂದು ಕಪ್ಪನ್ನೂ ಎರಡು ಕೈಯಲ್ಲಿ ಹಿಡಿದು ಸಾಹೇಬರಿಗೆ ಕೊಟ್ಟರು, ಸಾಹೇಬರು ಮಕ್ಕಳಿಗೆ ಕೊಟ್ಟರು. ಫೋಟೋ ತೆಗೆಯುವವನು ಪ್ರತಿ ಸಲ ಆಕೆಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳುತ್ತಿದ್ದ. ನನ್ನ ದನಿ ಮೈಕಿನಲ್ಲಿ ನನಗೇ ಬೇರೆ ಯಾರದೋ ದನಿಯಂತೆ ಕೇಳುತ್ತಿತ್ತು.

ಎಂಟುನೂರರ ಹುಡುಗಿಯರು ನಂಬರು ಚೀಟಿ ಬೆನ್ನಿಗೆ ಪಿನ್ನು ಮಾಡಿಕೊಂಡು ಆರಂಭದ ಗೆರೆಯ ಹತ್ತಿರ ಕುಳಿತಿದ್ದರು. ಸಾಹೇಬರು ಊಟಕ್ಕೂ ನಿಲ್ಲದೆ ಹೊರಟರು. ಜೀಪು ಹತ್ತುವ ಮೊದಲು ಆಕೆ ಆ ಹುಡುಗಿಯರ ಕಡೆ ಎರಡು ಹೆಜ್ಜೆ ಹೋದದ್ದನ್ನು ಕಂಡೆ. ಅಷ್ಟರಲ್ಲಿ ಡ್ರೈವರು ಹಾರನ್ ಒತ್ತಿದ. ಆಕೆ ತಿರುಗಿ ಬಂದರು. ನನ್ನ ಪಕ್ಕ ಹಾಯುವಾಗ, "ಮೂರನೆಯವಳು ಕಾಲಿಗೆ ಬಿಗಿಯಾಗಿ ಲೇಸ್ ಕಟ್ಕೊಂಡಿದಾಳೆ, ಸಡಿಲ ಮಾಡೋಕೆ ಹೇಳಿ" ಎಂದರು. ಅದನ್ನು ಹೇಳಲು ನಾನು ಅಲ್ಲಿಗೆ ಹೋದಾಗ ಆ ಹುಡುಗಿ ಬಗ್ಗಿ ಲೇಸು ಸಡಿಲಿಸಿಕೊಳ್ಳುತ್ತಾ, "ಅವ್ರು ನಮ್ ಓಟ ನೋಡಲ್ವಾ ಮಿಸ್?" ಎಂದು ಕೇಳಿದಳು. ಅವರಿಗೆ ಕೆಲಸ ಇದೆ ಎಂದೆ.

ಊಟವಾದ ಮೇಲೆ ಆ ಓಟ ನಡೆಯಿತು. ಶಾಮಿಯಾನದವರು ಕುರ್ಚಿ ಎತ್ತಿ ಲಾರಿಗೆ ಹಾಕುತ್ತಿದ್ದರು. ರಿಲೇ ರದ್ದಾಯಿತು. ಗೆದ್ದವಳಿಗೆ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು ಕಪ್ಪು ಕೊಟ್ಟರು.

ವಂದನೆಯ ಪತ್ರ ಬರೆಯುವುದು ಉಳಿದಿತ್ತು. ತಮ್ಮ ಅಮೂಲ್ಯ ಸಮಯವನ್ನು ಮಕ್ಕಳಿಗಾಗಿ ಮೀಸಲಿಟ್ಟಿದ್ದಕ್ಕೆ ಎಂದು ಬರೆದೆ. ಫೋಟೋಗಳನ್ನೂ ಲಗತ್ತಿಸಿ ತೆಗೆದುಕೊಂಡು ಹೋದೆ. ಆ ದಿನ ಟಪಾಲಿನವರು ರಜೆ. ಅವರ ಜಾಗದಲ್ಲಿ ಆಕೆಯೇ ಕುಳಿತಿದ್ದರು. ಲಕೋಟೆ ತೆರೆದು ಪತ್ರಕ್ಕೆ ಮೊಹರು ಒತ್ತಿ, ಪುಸ್ತಕದಲ್ಲಿ ಬರೆದುಕೊಂಡು, ಫೋಟೋಗಳನ್ನು ನೋಡದೆ ಹಾಗೇ ಒಳಗಿಟ್ಟರು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಯಾರೋ, "ಏನ್ರೀ ಚೀಫ್ ಗೆಸ್ಟು, ಆ ಫೈಲ್ ಎಲ್ಲಿ?" ಎಂದು ಕೂಗಿದರು. ಇನ್ನಿಬ್ಬರು ನಕ್ಕರು. ಆಕೆ ಎದ್ದು ಹೋಗಿ ಫೈಲು ಕೊಟ್ಟು ಬಂದರು.

ಅವರೇ ತಗ್ಗಿದ ದನಿಯಲ್ಲಿ ಹೇಳಿದರು. ಅನುಮತಿ ಕೋರಿದ ಪತ್ರ ಬಂದ ದಿನದಿಂದ ಇಲ್ಲಿ ಎಲ್ಲರೂ ಹೀಗೇ ಕರೆಯುತ್ತಾರಂತೆ. ಸಾಹೇಬರೇ ಶುರು ಮಾಡಿದ್ದು. ಬೈದರೆ ಉತ್ತರ ಕೊಡಬಹುದು, ತಮಾಷೆಗೆ ಏನು ಮಾಡುವುದು?

"ಮುಂದಿನ ವರ್ಷ ಸಾಹೇಬ್ರು ಬದಲಾಗಿರ್ತಾರೆ. ಆಗ ಕರೀತೀವಿ" ಎಂದೆ.

"ಬೇಡ ಮೇಡಂ, ಇನ್ನು ನನ್ ಹೆಸರಿಗೆ ಕಾಗ್ದ ಬರೀಬೇಡಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ದನಿಯಿತ್ತು. ಅದನ್ನು ಕೇಳಿಕೊಂಡು ಅಲ್ಲಿ ನಿಲ್ಲಲಾಗದೆ ಮೆಟ್ಟಿಲಿಳಿದು ಬಂದೆ.

ಬೇಸಿಗೆ ರಜೆ ಕಳೆದ ಮೇಲೆ ಪಿ.ಟಿ. ಮೇಷ್ಟ್ರ ಅನುಮೋದನೆ ಬಂತು. ಅವರು ಸ್ಟಾಫ್ ರೂಮಿಗೆಲ್ಲ ಮೈಸೂರು ಪಾಕ್ ಹಂಚಿದರು. ನನಗೆ ಕೊಡುವಾಗ ಇನ್ನೊಂದು ತುಂಡು ಜಾಸ್ತಿ ಇಟ್ಟರು. ನಿಜವಾಗಿ ಸಂತೋಷವಾಗಿತ್ತು ನನಗೆ. ಅವರ ಹೆಂಡತಿ ಮಗುವಿನ ಮುಖ ನೆನೆದರೆ ಬೇರೆ ಏನು ಅನ್ನಿಸಲು ಸಾಧ್ಯ? ಆ ವರ್ಷದ ಕ್ರೀಡಾಕೂಟಕ್ಕೆ ಮಂಡಳಿಯವರೇ ಒಬ್ಬ ಗುತ್ತಿಗೆದಾರರನ್ನು ಆರಿಸಿದರು. ಪತ್ರ ನಾನೇ ಬರೆದೆ.

ಎರಡು ವರ್ಷಗಳ ನಂತರ ಆಕೆ ಬಡ್ತಿ ಸಿಕ್ಕಿ ಬೇರೆ ತಾಲ್ಲೂಕಿಗೆ ಹೋದರೆಂದು ಕೇಳಿದೆ. ಒಮ್ಮೆ ಸಂಜೆ ಭದ್ರಾವತಿಯಿಂದ ಬರುವ ಬಸ್ಸಿನಲ್ಲಿ ಸಿಕ್ಕಿದರು. ತವರಿಗೆ ಬಂದು ಹೊರಟಿದ್ದರು. ನನ್ನ ಪಕ್ಕದಲ್ಲೇ ಜಾಗವಿತ್ತು. ಮಂಡಿ ನೋವು ಶುರುವಾಗಿದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂದರು. ಅಪ್ಪನಿಗೆ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಕೊಡಿಸಿ ಕ್ವಾರ್ಟರ್ಸ್ ಬಿಡಿಸಿದ್ದಾರೆ, ಮನೆ ಹುಡುಕಬೇಕು ಎಂದರು. ಮಗಳು ಹೈಸ್ಕೂಲು ಸೇರಿದಳಂತೆ. ನಾನೂ ನನ್ನ ಮನೆಯ ಸುದ್ದಿ ಹೇಳಿದೆ. ಕ್ರೀಡಾಕೂಟದ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ನಿಂತಾಗ ಕತ್ತಲಾಗುತ್ತಿತ್ತು. ತಮ್ಮ ತಾಲ್ಲೂಕಿನ ಬಸ್ಸು ಹೊರಟುಬಿಟ್ಟೀತೆಂದು ಹೇಳಿ, ಮಂಡಿಯ ಮೇಲೆ ಕೈಯೂರಿ ಎದ್ದು, ಇಳಿದು, ಜನರ ನಡುವೆ ನಿಧಾನವಾಗಿ ನಡೆದು ಹೋದರು.